ಎಫ್‌ಡಿ ಮುರಿಸಿದ್ದು, ಎಫ್‌ಡಿ ಮೇಲೆ ಸಾಲ ತೆಗೆದದ್ದು: ಎಲ್ಲಿ ಎಷ್ಟು ಹೋಯಿತು

ಮನೆ ಕಟ್ಟಿಸುವಾಗ ಮೋಲ್ಡ್ ಹಾಕುವ ವಾರ ಬಂತು. ಕಂಬಿ, ಸಿಮೆಂಟು, ಸೆಂಟ್ರಿಂಗ್‌ನವರ ದುಡ್ಡು ಎಲ್ಲ ಒಟ್ಟಿಗೆ ಮೈಮೇಲೆ ಬಿತ್ತು. ಬ್ಯಾಂಕಿನಲ್ಲಿ 3 ಲಕ್ಷದ ಎಫ್‌ಡಿ ಇತ್ತು. ಎರಡು ವರ್ಷಕ್ಕೆ ಇಟ್ಟಿದ್ದು, ಬಡ್ಡಿ 7.25%. ಇಟ್ಟು ಎಂಟು ತಿಂಗಳಾಗಿತ್ತು. ಹಿಂದೆಮುಂದೆ ನೋಡದೆ ಮುರಿಸಿದೆ.

ಒಂದು ಪರ್ಸೆಂಟ್ ಪೆನಾಲ್ಟಿ ಇದೆ ಅನ್ನೋದು ಗೊತ್ತಿತ್ತು. 7.25ರಲ್ಲಿ ಒಂದು ಕಳೆದರೆ 6.25, ಎಂಟು ತಿಂಗಳಿಗೆ ಸುಮಾರು 12,670 ರೂಪಾಯಿ ಬಡ್ಡಿ ಬರುತ್ತೆ ಅಂತ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಬಂದಿದ್ದು ಸುಮಾರು 9,600. ಕೌಂಟರಿನಲ್ಲಿ ಕೇಳಿದರೆ ‘ಸಿಸ್ಟಮ್ ತೋರಿಸಿದ್ದೇ ಅಷ್ಟು ಸಾರ್’ ಅಂದರು. ಆಮೇಲೆ ಬಾಂಡಿನ ಹಿಂಬದಿಯ ಸಣ್ಣಕ್ಷರ ಓದಿದಾಗ ಗೊತ್ತಾಯಿತು, ಸಿಸ್ಟಮ್ ಸರಿಯಾಗೇ ಇದೆ, ತಪ್ಪಿದ್ದು ನನ್ನ ಲೆಕ್ಕ.

ಪೆನಾಲ್ಟಿ ಕಳೆಯುವುದು 7.25ರಿಂದ ಅಲ್ಲ. 7.25 ಎರಡು ವರ್ಷ ಪೂರ್ತಿ ಇಡುವವರ ಬಡ್ಡಿ. ನೀವು ಎಂಟೇ ತಿಂಗಳು ಇಟ್ಟಿದ್ದೀರಿ ಅಂದರೆ, ಎಂಟು ತಿಂಗಳ ಡಿಪಾಜಿಟ್ಟಿಗೆ ಬ್ಯಾಂಕ್ ಏನು ಕೊಡುತ್ತಿತ್ತೋ ಅದನ್ನು ಹಿಡಿಯುತ್ತಾರೆ. ಅದೂ ಮುರಿಸಿದ ದಿನದ ರೇಟಲ್ಲ, ಇಟ್ಟ ದಿನದ ರೇಟು. ನಾನು ಇಟ್ಟ ದಿನ ಆರರಿಂದ ಒಂಬತ್ತು ತಿಂಗಳ ಸ್ಲ್ಯಾಬಿಗೆ 5.75% ಇತ್ತು. ಅದರಿಂದ ಒಂದು ಕಳೆದು 4.75%. ಪೆನಾಲ್ಟಿ ಒಂದೇ ಪರ್ಸೆಂಟ್ ಆದರೂ ಕೈಬಿಟ್ಟಿದ್ದು ಎರಡೂವರೆ. ಪೂರ್ತಿ ರೇಟಿನಲ್ಲಿ ಆ ಎಂಟು ತಿಂಗಳಿಗೆ ಸುಮಾರು 14,730 ಆಗಬೇಕಿತ್ತು, ಅಂದರೆ ಐದು ಸಾವಿರದ ಮೇಲೆ ಹೋಯಿತು. ಬಂದಿದ್ದನ್ನು ವರ್ಷದ ಲೆಕ್ಕಕ್ಕೆ ತಂದರೆ ನನ್ನ ನಿಜವಾದ ಬಡ್ಡಿ 4.8% ಚಿಲ್ಲರೆ.

ಈ ಸ್ಲ್ಯಾಬ್ ವಿಷಯದಲ್ಲೇ ಇನ್ನೊಂದು ಇದೆ. ಅದೇ ಬ್ಯಾಂಕಿನಲ್ಲಿ ಒಂಬತ್ತು ತಿಂಗಳಿಂದ ಒಂದು ವರ್ಷದೊಳಗೆ 6%, ವರ್ಷ ದಾಟಿದರೆ 6.75% ಇತ್ತು. ಹನ್ನೊಂದು ತಿಂಗಳು ಮೂರು ವಾರಕ್ಕೆ ಮುರಿಸಿದರೆ ಪೆನಾಲ್ಟಿ ಕಳೆದು 5%. ಇನ್ನೊಂದು ವಾರ ತಡೆದು ವರ್ಷ ದಾಟಿಸಿದರೆ, ಇಡೀ ವರ್ಷಕ್ಕೂ 5.75%. 3 ಲಕ್ಷಕ್ಕೆ ಎರಡು ಸಾವಿರದ ಮೇಲೆ ವ್ಯತ್ಯಾಸ. ಒಂದು ವಾರಕ್ಕೆ ಯಾರ ಹತ್ತಿರವಾದರೂ ಕೈಗಡ ತೆಗೆದುಕೊಳ್ಳಬಹುದಲ್ವಾ? ನೆಟ್ ಬ್ಯಾಂಕಿಂಗ್ ಇದ್ದರೆ ಕ್ಲೋಸ್ ಮಾಡುವ ಪರದೆಯಲ್ಲಿ, ಕೊನೆಯ ಬಟನ್ ಒತ್ತುವ ಮೊದಲು, ಯಾವ ರೇಟು ಹಿಡಿದಿದ್ದಾರೆ ಅಂತ ಸಾಮಾನ್ಯವಾಗಿ ತೋರಿಸುತ್ತದೆ. ಅಲ್ಲಿಯವರೆಗೆ ಹೋಗಿ ನೋಡಿ ವಾಪಸ್ ಬಂದರೆ ಏನೂ ಖರ್ಚಿಲ್ಲ.

ಮರುವರ್ಷ ಮಗಳ ಕಾಲೇಜ್ ಫೀಸಿಗೆ 2 ಲಕ್ಷ ಬೇಕಾಯಿತು. ನಾಲ್ಕು ತಿಂಗಳಾದರೆ ಚೀಟಿ ದುಡ್ಡು ಬರುವುದಿತ್ತು. ಮನೆಯಲ್ಲಿ ಇನ್ನೊಂದು 3 ಲಕ್ಷದ ಎಫ್‌ಡಿ, ಅದೂ 7.25%, ಹತ್ತು ತಿಂಗಳಾಗಿತ್ತು. ಈ ಸಲ ಮುರಿಸಲಿಲ್ಲ, ಅದರ ಮೇಲೆ ಓವರ್‌ಡ್ರಾಫ್ಟ್ ಸಾಲ ತೆಗೆದುಕೊಂಡೆ. ಇಟ್ಟ ಹಣದ 90% ವರೆಗೆ ಕೊಡುತ್ತಾರೆ ಅಂದರು. ಬಡ್ಡಿ ಎಫ್‌ಡಿ ರೇಟಿಗಿಂತ ಒಂದು ಪರ್ಸೆಂಟ್ ಜಾಸ್ತಿ, ಅಂದರೆ 8.25%. ಬಡ್ಡಿ ಬೀಳುವುದು ಬಳಸಿದ ಹಣಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ.

2 ಲಕ್ಷಕ್ಕೆ ನಾಲ್ಕು ತಿಂಗಳ ಬಡ್ಡಿ 5,500 ಕಟ್ಟಿದೆ. ಕೇಳಿದ ತಕ್ಷಣ ಮನೆಯವರು ‘ನಮ್ಮ ದುಡ್ಡಿಗೆ ನಾವೇ ಬಡ್ಡಿ ಕಟ್ಟೋದಾ’ ಅಂದರು. ಹಾಗೆ ಕೇಳಿಸುತ್ತೆ ನಿಜ. ಆದರೆ ಅದೇ ನಾಲ್ಕು ತಿಂಗಳು ಅದೇ 2 ಲಕ್ಷ ಎಫ್‌ಡಿ ಒಳಗೆ ಕೂತು ಸುಮಾರು 4,830 ದುಡಿಯಿತು. ನಮ್ಮ ಕೈಯಿಂದ ಹೋಗಿದ್ದು 670 ರೂಪಾಯಿ. ಮುರಿಸಿದ್ದರೆ? ಹತ್ತು ತಿಂಗಳಿಗೆ 5% ಮಾತ್ರ ಸಿಗುತ್ತಿತ್ತು. ಪೂರ್ತಿ 3 ಲಕ್ಷದ ಮೇಲೆ 2.25% ಕಳೆದುಕೊಂಡು 5,600ರ ಆಸುಪಾಸು ಹೋಗುತ್ತಿತ್ತು. ಬೇಕಿದ್ದು 2 ಲಕ್ಷವಾದರೂ ಪೆಟ್ಟು ಬೀಳುವುದು ಮೂರಕ್ಕೂ. ಟ್ಯಾಕ್ಸ್ ಕಟ್ಟುವವರು ಒಂದು ಸೇರಿಸಿಕೊಳ್ಳಿ: ಎಫ್‌ಡಿ ಬಡ್ಡಿಗೆ ಟ್ಯಾಕ್ಸ್ ಇದೆ, ಮನೆಖರ್ಚಿಗೆ ತೆಗೆದ ಸಾಲದ ಬಡ್ಡಿಯನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ. 20% ಕಟ್ಟುವವರಿಗೆ ಈ 670 ಹೋಗಿ 1,600ರಷ್ಟಾಗುತ್ತದೆ. ಆದರೂ ಮುರಿಸುವುದಕ್ಕಿಂತ ಅಗ್ಗವೇ.

ಹಾಗಂತ ಯಾವಾಗಲೂ ಸಾಲವೇ ಗೆಲ್ಲುವುದಿಲ್ಲ. ಮುರಿಸಿದಾಗ ಹೋಗುವುದು ಕಳೆದ ತಿಂಗಳುಗಳ ಬಡ್ಡಿ, ಸಾಲಕ್ಕೆ ಹೋಗುವುದು ಮುಂದಿನ ತಿಂಗಳುಗಳದ್ದು. ಎಫ್‌ಡಿ ಇಟ್ಟು ಒಂದೇ ತಿಂಗಳಾಗಿದೆ, ತೆಗೆದ ಹಣ ವಾಪಸ್ ಹಾಕುವ ದಾರಿ ಕಾಣುತ್ತಿಲ್ಲ ಅಂದುಕೊಳ್ಳಿ. ಆಗ ಮುರಿಸಿದರೆ ಹೋಗುವುದು ಒಂದು ತಿಂಗಳ ಬಡ್ಡಿಯ ಭಾಗ, 3 ಲಕ್ಷಕ್ಕೆ ಸಾವಿರ ಚಿಲ್ಲರೆ. 2.7 ಲಕ್ಷ ಸಾಲ ತೆಗೆದು ಉಳಿದ 23 ತಿಂಗಳು ಇಟ್ಟುಕೊಂಡರೆ ಆ ಒಂದು ಪರ್ಸೆಂಟೇ ಐದು ಸಾವಿರ ದಾಟುತ್ತದೆ. ಮೋಲ್ಡ್ ಹಾಕುವಾಗ ನನ್ನ ಎಫ್‌ಡಿಗೆ ಎಂಟು ತಿಂಗಳಾಗಿತ್ತು, ಇನ್ನೂ ಹದಿನಾರು ತಿಂಗಳು ಬಾಕಿ. ಅವತ್ತು ಮುರಿಸಿದ್ದು ತೀರಾ ದಡ್ಡತನವಲ್ಲ, ಲೆಕ್ಕ ನೋಡದೆ ಮುರಿಸಿದ್ದು ದಡ್ಡತನ.

ಮೂರನೆಯದು ಅಪ್ಪನದು. ಪೋಸ್ಟ್ ಆಫೀಸಿನಲ್ಲಿ 2024ರಲ್ಲಿ 1 ಲಕ್ಷ, ಎರಡು ವರ್ಷದ ಟಿಡಿ, ಅಂದರೆ ಟೈಮ್ ಡಿಪಾಜಿಟ್, 7%. ಅಲ್ಲಿ ಆರು ತಿಂಗಳೊಳಗೆ ಮುಟ್ಟುವ ಹಾಗೇ ಇಲ್ಲ. ಆರರಿಂದ ಹನ್ನೆರಡು ತಿಂಗಳೊಳಗೆ ತೆಗೆದರೆ ಉಳಿತಾಯ ಖಾತೆಯ 4% ಅಷ್ಟೇ. ವರ್ಷ ದಾಟಿದ ಮೇಲೆ ತೆಗೆದರೆ ಪೂರ್ತಿಯಾದ ವರ್ಷಕ್ಕೆ ಆ ಅವಧಿಯ ರೇಟಿಗಿಂತ 2% ಕಡಿಮೆ, ಮಿಕ್ಕ ತಿಂಗಳುಗಳಿಗೆ ಮತ್ತೆ 4%. ಅಪ್ಪ ಹದಿನೈದು ತಿಂಗಳಿಗೆ ತೆಗೆದರು. ಒಂದು ವರ್ಷದ ಟಿಡಿ ರೇಟು 6.9, ಅದರಲ್ಲಿ ಎರಡು ಹೋಗಿ 4.9. ಮೂರು ತಿಂಗಳಿಗೆ 4% ಲೆಕ್ಕದಲ್ಲಿ ಸಾವಿರ ರೂಪಾಯಿ. ಒಟ್ಟು ಬರಬೇಕಾದ್ದು ಸುಮಾರು 5,990.

ಮಜಾ ಇರುವುದು ಇಲ್ಲಿ. ಮೊದಲ ವರ್ಷದ ಬಡ್ಡಿ ಅಂತ 7,190 ರೂಪಾಯಿ ಆಗಲೇ ಅಪ್ಪನ ಖಾತೆಗೆ ಬಿದ್ದು, ಖರ್ಚೂ ಆಗಿತ್ತು. ಜಾಸ್ತಿ ಕೊಟ್ಟಿದ್ದ 1,200ನ್ನು ಅಸಲಿನಲ್ಲೇ ಹಿಡಿದುಕೊಂಡು 98,800 ಕೈಗಿಟ್ಟರು. ಅಪ್ಪ ಪಾಸ್‌ಬುಕ್ ಎರಡು ಸಲ ತಿರುಗಿಸಿ ನೋಡಿ ‘ಇಟ್ಟ ದುಡ್ಡೇ ಕಮ್ಮಿ ಆಯ್ತಲ್ಲೋ’ ಅಂದರು. ಅಲ್ಲಿದ್ದವರು ಪಾಪ, ಕಾಗದದ ಮೇಲೆ ಬರೆದು ತೋರಿಸಿದರು. ಬ್ಯಾಂಕಿನಲ್ಲೂ ತಿಂಗಳು ತಿಂಗಳು ಬಡ್ಡಿ ತೆಗೆದುಕೊಳ್ಳುವವರಿಗೆ ಹೀಗೇ ಆಗುತ್ತದೆ. ವರ್ಷದ ಲೆಕ್ಕದಲ್ಲಿ ಅಪ್ಪನಿಗೆ ಬಿದ್ದಿದ್ದೂ 4.8%. ಒಂದು ಕಡೆ ಪೆನಾಲ್ಟಿ 1%, ಇನ್ನೊಂದು ಕಡೆ 2%, ಕೊನೆಗೆ ಇಬ್ಬರೂ ಒಂದೇ ಜಾಗದಲ್ಲಿ ನಿಂತೆವು.

ಈಗ 3 ಲಕ್ಷ ಇಡುವಾಗ ಒಂದೊಂದು ಲಕ್ಷದ ಮೂರು ಬಾಂಡ್ ಮಾಡಿಸುತ್ತೇನೆ. ರೇಟು ಅದೇ. ಹೋದ ತಿಂಗಳು ಬೋರ್‌ವೆಲ್ ಮೋಟರ್ ಸುಟ್ಟುಹೋದಾಗ ಒಂದನ್ನು ಮುರಿಸಿದೆ, ಉಳಿದೆರಡು ಅವುಗಳ ಪಾಡಿಗೆ 7.25ರಲ್ಲೇ ಓಡುತ್ತಿವೆ.