ಸಂಪಿನ ಗುಂಡಿ ರಿಸ್ಕ್ ಅಸೆಸ್‌ಮೆಂಟ್: ಚೆಕ್‌ಲಿಸ್ಟ್, ಸೈಟ್ ಸುತ್ತೋದು, ಮೇಸ್ತ್ರಿ ಜೊತೆ ಕೂರೋದು

ಬೆಂಗಳೂರಲ್ಲಿ ಒಂದು ಅಪಾರ್ಟ್‌ಮೆಂಟ್ ಸೈಟು, ಸಂಪಿಗೆ ಮೂರು ಮೀಟರ್ ಆಳ ಗುಂಡಿ ತೆಗೀಬೇಕಿತ್ತು. ಸಬ್ ಕಾಂಟ್ರಾಕ್ಟರ್ ಕಳ್ಸಿದ ರಿಸ್ಕ್ ಅಸೆಸ್‌ಮೆಂಟ್‌ನಲ್ಲಿ 26 ಸಾಲು, ಎಲ್ಲಾ ಹಸಿರು ಬಣ್ಣ, ಅಂದ್ರೆ ಅಪಾಯ ಕಮ್ಮಿ ಅಂತ. ನಾನು ಸಹಿ ಹಾಕ್ಬೇಕಾಗಿದ್ದೋನು. ಹೇಗೂ ಎರಡು ದಿನ ಟೈಮ್ ಇತ್ತು, ಅದೇ ಶೀಟನ್ನ ಮೂರು ರೀತಿ ನೋಡಿದೆ.

ಮೊದ್ಲು ಎಲ್ರೂ ಮಾಡೋದೇ, ಆಫೀಸಲ್ಲಿ ಕೂತು ಚೆಕ್‌ಲಿಸ್ಟ್ ಇಟ್ಕೊಂಡು ಟಿಕ್ ಹಾಕೋದು. ಒಂದು ಗಂಟೆ ಆಯ್ತು. ಇಳಿಯೋಕೆ ಏಣಿ ಸಾಲೇ ಇರ್ಲಿಲ್ಲ, ನೆಲದೊಳಗಿನ ಕರೆಂಟ್ ಕೇಬಲ್ ಬಗ್ಗೆನೂ ಇರ್ಲಿಲ್ಲ, ಎರಡೂ ಸಿಕ್ತು. ಇನ್ನೊಂದು, ಮಣ್ಣು ಕುಸಿಯೋ ಸಾಲಲ್ಲಿ ಹೆಲ್ಮೆಟ್ ಅಂತ ಬರ್ದು ತೀವ್ರತೆ 5 ಇದ್ದಿದ್ದನ್ನ 2 ಮಾಡ್ಬಿಟ್ಟಿದ್ರು! ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ ಮೇಲಿರತ್ತೆ ಕಣ್ರೀ, ಅದು ಎದೆ ಮೇಲೆ ಬಿದ್ರೆ ಹೆಲ್ಮೆಟ್ ಏನ್ ಮಾಡತ್ತೆ. ಶೋರಿಂಗ್, ಅಂದ್ರೆ ಗುಂಡಿ ಗೋಡೆಗೆ ಆಸರೆ, ಹಾಕಿದ್ರೆ ಕುಸಿಯೋ ಸಾಧ್ಯತೆ ಕಮ್ಮಿ ಆಗತ್ತೆ, ಕುಸಿದ್ರೆ ಸಾಯೋದು ಸಾಯೋದೇ, ಹಾಗಾಗಿ ಆ 5 ಅಲ್ಲೇ ಇರ್ಬೇಕು. ಇದೆಲ್ಲ ಕುರ್ಚಿ ಮೇಲೆ ಕೂತೇ ಹಿಡೀಬಹುದು. ಆದ್ರೆ ಚೆಕ್‌ಲಿಸ್ಟ್ ಕೇಳೋದು ಎಲ್ಲಾ ಗುಂಡಿಗೂ ಅನ್ವಯಿಸೋ ಪ್ರಶ್ನೆ, ಈ ಗುಂಡಿ ಪಕ್ಕ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ.

ಮಾರನೇ ದಿನ ಶೀಟನ್ನ ಬ್ಯಾಗಲ್ಲೇ ಬಿಟ್ಟು ಬರೀ ಖಾಲಿ ಹಾಳೆ ಹಿಡ್ಕೊಂಡು ಹೋದೆ. ಪಕ್ಕದ ಇನ್ನೊಂದು ಚಿಕ್ಕ ಗುಂಡಿಯಲ್ಲಿ ಅದೇ ಗ್ಯಾಂಗು ಕೆಲಸ ಮಾಡ್ತಿತ್ತು. ಜೆಸಿಬಿ ಬಂದಾಗಿಂದ ಕಾಂಕ್ರೀಟ್ ಗಾಡಿ ಹೋಗೋ ತನಕ ನಿಂತು ನೋಡಿ, ಕಂಡಿದ್ದನ್ನ ಬರ್ಕೊಂಡೆ, ಆಮೇಲೆ ಶೀಟ್ ಜೊತೆ ಇಟ್ಟು ನೋಡಿದೆ. ಇದು ಉಲ್ಟಾ ಮಾಡ್ಬಾರ್ದು, ಶೀಟ್ ಕೈಯಲ್ಲಿ ಹಿಡ್ಕೊಂಡು ನೋಡಿದ್ರೆ ಅದ್ರಲ್ಲಿರೋದೇ ಕಣ್ಣಿಗೆ ಬೀಳತ್ತೆ. ಶೀಟಲ್ಲಿ ಇಲ್ದೇ ಇದ್ದಿದ್ದು ಎರಡು ದೊಡ್ಡವು. ಒಂದು, ಕಾಂಕ್ರೀಟ್ ಗಾಡಿ ಗುಂಡಿ ಅಂಚಿಗೇ ರಿವರ್ಸ್ ಬರ್ತಿತ್ತು, ಆರು ಘನ ಮೀಟರ್ ತುಂಬಿದ್ರೆ ಕಾಂಕ್ರೀಟೇ 14 ಟನ್ ಆಗತ್ತೆ, ಗಾಡಿ ತೂಕ ಬೇರೆ. ಇನ್ನೊಂದು ನಾನು ಕನಸಲ್ಲೂ ನೆನೆಸಿರ್ಲಿಲ್ಲ: ರಾತ್ರಿ ಮಳೆ ನೀರು ನಿಂತಿತ್ತು, ಹುಡುಗ್ರು ಪೆಟ್ರೋಲ್ ಪಂಪನ್ನೇ ಹಗ್ಗ ಕಟ್ಟಿ ಗುಂಡಿಯೊಳಗೆ ಇಳಿಸಿ ಸ್ಟಾರ್ಟ್ ಮಾಡಿದ್ರು. ಗಾಳಿ ಆಡದ ಗುಂಡಿ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡು, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ತಲೆನೋವು ಅಂತ ಕೂತೋನು ಏಳೋದೇ ಇಲ್ಲ. ಅವನನ್ನ ಎತ್ತೋಕೆ ಇನ್ನೊಬ್ಬ ಇಳೀತಾನೆ, ಅವನೂ ಹೋಗ್ತಾನೆ. ಪಂಪ್ ಮೇಲೆತ್ತಿಸಿದ ಮೇಲೇ ಮುಂದಿನ ಮಾತು.

ಆದ್ರೂ ಈ ರೀತಿಗೂ ಒಂದು ತೊಂದರೆ ಇದೆ, ಆವತ್ತು ನಡೆದಿದ್ದು ಮಾತ್ರ ಕಾಣತ್ತೆ. ರಾತ್ರಿ ಶಿಫ್ಟು, ಲೈಟು, ಹಬ್ಬಕ್ಕೆ ರಜಾ ಹಾಕಿ ಗುಂಡಿ ತೆರೆದೇ ಬಿಟ್ಟು ಹೋಗೋದು, ಇವು ಚೆಕ್‌ಲಿಸ್ಟಲ್ಲೇ ಸಿಗ್ಬೇಕು.

ಮೂರನೇದು ಹೊಸ ಅಪಾಯ ಹುಡುಕೋಕಲ್ಲ, ಬರ್ದಿರೋ ಕ್ರಮ ಗಟ್ಟಿನಾ ಟೊಳ್ಳಾ ಅಂತ ನೋಡೋಕೆ. ರಾಯಚೂರು ಕಡೆ ಮೇಸ್ತ್ರಿ ಒಬ್ರು, ಟೀ ಕುಡೀತಾ ಒಂದೊಂದೇ ಸಾಲು ಓದಿ ಹೇಳ್ದೆ, ನಾಳೆ ಬೆಳಿಗ್ಗೆ ಇದಕ್ಕೆ ನೀವು ಏನ್ ಮಾಡ್ತೀರಿ ಅಂತ ಕೇಳ್ದೆ. "ಅಗತ್ಯ ಇದ್ದಲ್ಲಿ ಶೋರಿಂಗ್ ಹಾಕುವುದು" ಅಂತ ಓದಿದ್ದಕ್ಕೆ ಅವ್ರು, "ಅಗತ್ಯ ಐತೋ ಇಲ್ಲೋ ಯಾರ್ ಹೇಳ್ತಾರ್ರಿ ಸರ?" ಅಂದ್ರು. ಅಷ್ಟೇ, ಆ ಸಾಲು ಬಿತ್ತು. ಗುಂಡಿ ತೆಗೆಯೋ ಕೆಲಸದ ಸುರಕ್ಷತೆಗೆ ಇರೋ ಭಾರತೀಯ ಮಾನದಂಡ ಐಎಸ್ 3764 ಪ್ರಕಾರ ಒಂದೂವರೆ ಮೀಟರ್ ದಾಟಿದ್ರೆ ಶೋರಿಂಗೋ ಇಳಿಜಾರೋ ಬೇಕು, ಅದನ್ನೇ ಬರೀಬಹುದಿತ್ತಲ್ಲ. 26ರಲ್ಲಿ 11 ಸಾಲಿಗೆ ಅವ್ರ ಹತ್ರ ಉತ್ತರ ಇರ್ಲಿಲ್ಲ. ಸೂಕ್ತ ಮೇಲ್ವಿಚಾರಣೆ, ಸರಿಯಾದ ಬ್ಯಾರಿಕೇಡ್, ಎಲ್ಲಾ ಇದೇ ಜಾತಿ.

ಪಂಪ್ ಯಾಕೆ ಒಳಗಿಳಿಸಿದ್ರಿ ಅಂತ ಕೇಳಿದ್ದೂ ಅಲ್ಲೇ. ಹೀರೋ ಪೈಪು ಎರಡೇ ಮೀಟರ್ ಇತ್ತಂತೆ, ಮೇಲಿಂದ ತಳಕ್ಕೆ ಎಟುಕಲ್ಲ! ಆ ತರದ ಪಂಪು ಆರು ಮೀಟರ್ ತನಕ ಮೇಲಿಂದ್ಲೇ ಹೀರತ್ತೆ, ಮೂರು ಮೀಟರ್ ಏನೂ ಅಲ್ಲ. ಶೀಟಿಗೆ "ಗಾಳಿ ವ್ಯವಸ್ಥೆ ನೋಡಿಕೊಳ್ಳುವುದು" ಅಂತ ಒಂದು ಸಾಲು ಸೇರಿಸಿದ್ರೂ ಹುಡುಗ್ರು ಪಂಪ್ ಇಳಿಸ್ತಾನೇ ಇರ್ತಿದ್ರು.

ಟೈಮ್ ಒಂದಕ್ಕೇ ಇದ್ರೆ ನಾನು ಖಾಲಿ ಹಾಳೆ ಹಿಡ್ಕೊಂಡು ಸೈಟಿಗೇ ಹೋಗ್ತೀನಿ, ಮೇಸ್ತ್ರಿ ಹೇಗೂ ಅಲ್ಲೇ ಸಿಗ್ತಾರೆ. ಈ ಸಲ ಶೀಟ್ ವಾಪಸ್ ಕಳ್ಸಿದೆ. ಪಂಪಿನ ಸಾಲು ಈಗ ಹೀಗಿದೆ: ಎಂಜಿನ್ ಪಂಪ್ ಗುಂಡಿಯೊಳಗೆ ಇಳಿಸಬಾರದು, ಐದು ಮೀಟರ್ ಪೈಪ್ ಸ್ಟೋರ್‌ನಿಂದ ಕೊಡಬೇಕು, ಪಂಪ್ ಮೇಲಿದೆ ಅಂತ ಸೂಪರ್‌ವೈಸರ್ ನೋಡಿದ ಮೇಲೇ ಯಾರಾದ್ರೂ ಇಳೀಬೇಕು. ಪೈಪ್ ಬರೋಕೆ ಎರಡು ದಿನ ಆಯ್ತು, ಅಲ್ಲಿ ತನಕ ಸಹಿ ಹಾಕ್ಲಿಲ್ಲ, ಬೈಸ್ಕೊಂಡೆ.