ರೀಫಂಡ್ ಬಂತು, ಹೆಚ್ಚಿಗೆ ಬಂತು, ವಾಪಸ್ ಹಾಕಿ: ಅಂಗಡಿಯವರೇ, ಈ ಕರೆ ಬಂದರೆ ಹುಷಾರು

ಸಂತೆ ದಿನ, ಸಂಜೆ ಆರೂವರೆ. ಸಣ್ಣ ಊರಿನ ಕಿರಾಣಿ ಅಂಗಡಿ, ಮುಂದೆ ಏಳೆಂಟು ಗಿರಾಕಿಗಳು. ಶೆಟ್ಟರ ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಮೊಬೈಲು. ಇಂಥ ಕರೆಗಳು ಹೆಚ್ಚಾಗಿ ಬರುವುದೇ ಇಂಥ ಹೊತ್ತಿನಲ್ಲಿ.

"ಸರ್, ನಿಮ್ಮ ಸೌಂಡ್‌ಬಾಕ್ಸ್ ಬಾಡಿಗೆ ಆರು ತಿಂಗಳಿಂದ ಎರಡೆರಡು ಸಲ ಕಟ್ ಆಗಿದೆ. ತಿಂಗಳಿಗೆ 125ರ ಹಾಗೆ 750 ರೂಪಾಯಿ ರೀಫಂಡ್ ಬರಬೇಕು" ಅಂದ ಕರೆ ಮಾಡಿದವ. ಅಂಗಡಿಯ ಹೆಸರನ್ನೂ ಸರಿಯಾಗಿಯೇ ಹೇಳಿದ. ಅದರಲ್ಲಿ ಆಶ್ಚರ್ಯವೇನಿಲ್ಲ. ಹೆಸರು, ನಂಬರು ಎರಡೂ ಬೋರ್ಡಿನ ಮೇಲಿರುತ್ತವೆ, ಮ್ಯಾಪಿನಲ್ಲೂ ಸಿಗುತ್ತವೆ. ಸೌಂಡ್‌ಬಾಕ್ಸ್ ಈಗ ಎಲ್ಲ ಅಂಗಡಿಯಲ್ಲೂ ಇರುವುದರಿಂದ ಅದನ್ನು ಊಹಿಸುವುದೂ ಕಷ್ಟವಲ್ಲ.

ಅವನು ಓಟಿಪಿ ಕೇಳಲಿಲ್ಲ, ಪಿನ್ ಕೇಳಲಿಲ್ಲ. ಶೆಟ್ಟರಿಗೆ ನಂಬಿಕೆ ಹುಟ್ಟಿದ್ದು ಅದರಿಂದಲೇ. "ಈಗಲೇ ಹಾಕ್ತೀನಿ, ಮೆಸೇಜ್ ನೋಡಿ" ಅಂದ. ಅರ್ಧ ನಿಮಿಷದಲ್ಲಿ ಮೆಸೇಜ್ ಬಂತು: ನಿಮ್ಮ ಖಾತೆಗೆ 7,500 ರೂಪಾಯಿ ಜಮಾ ಆಗಿದೆ. ಹಿಂದೆಯೇ ಗಾಬರಿಯ ದನಿ. "ಅಯ್ಯೋ ಸರ್, ಒಂದು ಸೊನ್ನೆ ಜಾಸ್ತಿ ಬಿತ್ತು. 6,750 ವಾಪಸ್ ಹಾಕಿಬಿಡಿ, ಇಲ್ಲದಿದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ."

ಶೆಟ್ಟರದು ಬೇರೆಯವರ ದುಡ್ಡು ಇಟ್ಟುಕೊಳ್ಳುವ ಸ್ವಭಾವವಲ್ಲ. ಅವನು ಹೇಳಿದ ನಂಬರ್ ಒತ್ತಿದರು, 6,750 ಬರೆದರು. ಪಿನ್ ಕೇಳುವ ಪರದೆ ಬಂತು.

ಗಲ್ಲಾದಲ್ಲಿದ್ದ ಸೊಸೆ ಕೇಳಿದಳು: "ಮಾವ, ದುಡ್ಡು ಬಂದಿದ್ರೆ ಪೆಟ್ಟಿಗೆ ಯಾಕೆ ಕೂಗ್ಲಿಲ್ಲ?"

ಫೋನಿನಲ್ಲಿದ್ದವನ ಹತ್ತಿರ ಉತ್ತರ ಸಿದ್ಧವಿತ್ತು. "ರೀಫಂಡ್ ನೇರ ಬ್ಯಾಂಕಿಗೆ ಹೋಗುತ್ತೆ ಮೇಡಂ, ಬಾಕ್ಸ್‌ನಲ್ಲಿ ಬರಲ್ಲ." ಇದು ಪೂರ್ತಿ ಸುಳ್ಳೂ ಅಲ್ಲ. ಪೆಟ್ಟಿಗೆ ಕೂಗುವುದು ಅದರ ಕ್ಯೂಆರ್‌ಗೆ ಬಂದ ಹಣಕ್ಕೆ. ಬೇರೆ ದಾರಿಯಲ್ಲಿ ಖಾತೆಗೆ ಬಂದದ್ದಕ್ಕೆ ಅದು ಸುಮ್ಮನಿರಬಹುದು. ಹಾಗಾಗಿ ಪೆಟ್ಟಿಗೆ ಕೂಗಿತೋ ಇಲ್ಲವೋ ಎಂಬುದರ ಮೇಲೆ ತೀರ್ಮಾನ ಮಾಡಬೇಡಿ. ಸೊಸೆಯೂ ಮಾಡಲಿಲ್ಲ. ಶೆಟ್ಟರ ಕೈಯಿಂದ ಫೋನು ತೆಗೆದುಕೊಂಡು, ಆ ಪಾವತಿ ರದ್ದು ಮಾಡಿ, ಬ್ಯಾಂಕಿನ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿದಳು. ಮಧ್ಯಾಹ್ನ ಇದ್ದದ್ದು 11,240. ಈಗಲೂ ಅಷ್ಟೇ.

ಆಮೇಲೆ ಮೆಸೇಜ್ ನೋಡಿದರೆ ಗುಟ್ಟು ಅಲ್ಲೇ ಇತ್ತು. ಅದು ಬಂದದ್ದು ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ. ಬ್ಯಾಂಕಿನ ಎಸ್ಸೆಮ್ಮೆಸ್ ಅಕ್ಷರಗಳ ಹೆಸರಿನಿಂದ ಬರುತ್ತದೆ. 2025ರಿಂದ ಆ ಹೆಸರಿನ ಕೊನೆಗೆ -S ಅಥವಾ -T ಕೂಡ ಇರುತ್ತದೆ. ಖಾತೆಯ ಕೊನೆಯ ಅಂಕಿಗಳೂ ಆ ಮೆಸೇಜಿನಲ್ಲಿ ಇರಲಿಲ್ಲ, ಕಳಿಸಿದವನಿಗೆ ಅವು ಗೊತ್ತಿದ್ದರೆ ತಾನೆ? ಪಾವತಿ ಪರದೆಯಲ್ಲಿ ಮೂಡಿದ ಹೆಸರೂ ಯಾವ ಕಂಪನಿಯದೂ ಅಲ್ಲ, ಯಾರೋ ಒಬ್ಬ ವ್ಯಕ್ತಿಯದು.

"ಬ್ಯಾಲೆನ್ಸ್ ತೋರಿಸ್ತಿಲ್ಲ" ಅಂದಾಗ ಅವನು ಎರಡನೇ ಗಾಳ ಹಾಕಿದ. "ಸರ್ವರ್ ಸ್ಲೋ ಇದೆ, ಒಂದು ಆ್ಯಪ್ ಹಾಕ್ಕೊಳ್ಳಿ, ಅದರಲ್ಲಿ ಬರೋ ನಂಬರ್ ಹೇಳಿ, ನಾನೇ ಸರಿ ಮಾಡ್ತೀನಿ." ಅದು ಪರದೆ ಹಂಚುವ ಆ್ಯಪ್. ಆ ನಂಬರ್ ಹೇಳಿ ಒಪ್ಪಿಗೆ ಒತ್ತಿದರೆ ನಿಮ್ಮ ಫೋನಿನ ಪರದೆ ಅವನಿಗೂ ಕಾಣುತ್ತದೆ, ಓಟಿಪಿ ಬಂದರೆ ನಿಮ್ಮ ಜೊತೆಗೇ ಅವನೂ ಓದುತ್ತಾನೆ. ಮೊದಲು ಓಟಿಪಿ ಕೇಳದೆ ಇದ್ದವನು ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಸೊಸೆ ಕರೆ ಕತ್ತರಿಸಿದಳು.

ಪಿನ್ ಒತ್ತಿದ್ದರೆ ಏನಾಗುತ್ತಿತ್ತು ಅನ್ನುವುದು ಗೊತ್ತಿರಲಿ. ಹಣ ಆ ಕ್ಷಣವೇ ಹೋಗಿಬಿಡುತ್ತಿತ್ತು. ಕಳಿಸಿದ್ದು ನೀವೇ, ಪಿನ್ ನಿಮ್ಮದೇ. ಹಾಗಾಗಿ ಬ್ಯಾಂಕ್ ಅದನ್ನು ತನ್ನ ತಪ್ಪೆಂದು ಒಪ್ಪಿ ತುಂಬಿಕೊಡುವ ಸಾಧ್ಯತೆ ಬಹಳ ಕಡಿಮೆ. ಉಳಿಯುವ ದಾರಿ, ಆ ಹಣ ಇನ್ನೊಂದು ಖಾತೆಗೆ ಹಾರುವ ಮೊದಲು ತಡೆಯುವುದು. ಅದಕ್ಕೆ ತಕ್ಷಣ 1930ಕ್ಕೆ ಕರೆ ಮಾಡಬೇಕು, ಇಲ್ಲವೇ cybercrime.gov.in ನಲ್ಲಿ ದೂರು ಕೊಡಬೇಕು. ಪಾವತಿ ವಿವರದಲ್ಲಿರುವ 12 ಅಂಕಿಯ ಯುಟಿಆರ್ ನಂಬರ್, ಮೊತ್ತ, ಸಮಯ ಕೈಯಲ್ಲಿರಲಿ. ಅಂಗಡಿ ಮುಚ್ಚಿದ ಮೇಲೆ ಮಾಡೋಣ ಎಂದು ಕೂರಬೇಡಿ, ಅಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ.

ಒಂದು ವೇಳೆ ನಿಜವಾಗಿಯೇ ಯಾರದೋ ಹಣ ನಿಮ್ಮ ಖಾತೆಗೆ ಬಂದಿದ್ದರೆ? ಬ್ಯಾಲೆನ್ಸಿನಲ್ಲಿ ಹೆಚ್ಚಿಗೆ ಕಂಡರೂ ಅವರು ಹೇಳಿದ ನಂಬರಿಗೆ ಕಳಿಸಬೇಡಿ. "ನಿಮ್ಮ ಬ್ಯಾಂಕಿನಲ್ಲಿ ದೂರು ಕೊಡಿ, ನಾನು ನನ್ನ ಬ್ಯಾಂಕಿಗೆ ತಿಳಿಸ್ತೀನಿ" ಅನ್ನಿ. ಆ ಮೊತ್ತವನ್ನು ಖರ್ಚು ಮಾಡದೆ ಹಾಗೇ ಬಿಡಿ, ಮಾರನೇ ದಿನ ಶಾಖೆಗೆ ಹೋಗಿ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಸೌಂಡ್‌ಬಾಕ್ಸ್ ಬಾಡಿಗೆಯ ಬಗ್ಗೆ ಅನುಮಾನವಿದ್ದರೆ ಬಂದ ಕರೆಯಲ್ಲಿ ಕೇಳಬೇಡಿ. ನಿಮ್ಮ ವ್ಯಾಪಾರಿ ಆ್ಯಪ್ ತೆರೆದು ಅದರೊಳಗಿನ ಸಹಾಯ ವಿಭಾಗದಲ್ಲೇ ಕೇಳಿ.