ಗೈಡ್‌ಲೈನ್ ಪಾಲಿಸಿದ್ದಕ್ಕೇ ಕ್ಯೂನಿಂದ ಹೊರಗೆ ಹಾಕಿದರು. ಲೇಬಲಿಂಗ್ ಮಾಡುವವರು ಹುಷಾರು

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಆದರೆ ನನ್ನ ಚಿಕ್ಕಪ್ಪನ ಮಗಳನ್ನೂ ಇದೇ ಕೆಲಸಕ್ಕೆ ಸೇರಿಸಿದವಳು ನಾನೇ. ಹಾಗಾಗಿ ಬರೆಯಲೇಬೇಕು.

ಕೆಲಸ ಕನ್ನಡದ ಕಾಮೆಂಟ್‌ಗಳಿಗೆ ಲೇಬಲ್ ಹಾಕುವುದು. ಪಾಸಿಟಿವ್, ನೆಗೆಟಿವ್, ನ್ಯೂಟ್ರಲ್, ಮಿಕ್ಸ್ಡ್, ನಾಲ್ಕರಲ್ಲಿ ಒಂದು. ಒಂದು ಪುಟಕ್ಕೆ ಹತ್ತು ಕಾಮೆಂಟ್, ಒಂದು ಕಾಮೆಂಟಿಗೆ 2 ಸೆಂಟ್. ಕ್ಯೂ, ಅಂದರೆ ನಮಗೆ ಬರುವ ಕೆಲಸದ ಸಾಲು, ತೆರೆಯುವ ಮೊದಲು ಕ್ವಾಲಿಫಿಕೇಶನ್ ಟೆಸ್ಟ್ ಇತ್ತು. 32 ಪುಟದ ಗೈಡ್‌ಲೈನ್ ಓದಿ 25 ಪ್ರಶ್ನೆಗೆ ಉತ್ತರ ಕೊಡಬೇಕು. ಅದಕ್ಕೆ ಒಂದು ಪೈಸೆಯೂ ಇಲ್ಲ. ಅದು ಬಹಳ ಕಡೆ ಹಾಗೇ, ಅದಕ್ಕೆ ನನ್ನ ತಕರಾರಿಲ್ಲ. 22 ಸರಿ ಬಂತು, ಪಾಸಾದೆ. ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಈಗ ಅದೇ ನುಂಗಲಾಗದ ತುತ್ತಾಗಿದೆ.

ಗೋಲ್ಡ್ ಟಾಸ್ಕ್ ಗೊತ್ತಲ್ವಾ. ಪ್ರತಿ ಪುಟದ ಹತ್ತರಲ್ಲಿ ಒಂದಕ್ಕೆ ಉತ್ತರ ಅವರ ಹತ್ತಿರ ಮೊದಲೇ ಇರುತ್ತದೆ. ಯಾವುದು ಅಂತ ನಮಗೆ ಹೇಳುವುದಿಲ್ಲ. ಕಣ್ಣು ಮುಚ್ಚಿ ಎಲ್ಲಕ್ಕೂ ಪಾಸಿಟಿವ್ ಒತ್ತುವವರನ್ನು ಹಿಡಿಯಲು ಅದು ಬೇಕೇ ಬೇಕು, ಒಪ್ಪುತ್ತೇನೆ. ಇಲ್ಲಿ ಲೆಕ್ಕ ಹೀಗಿತ್ತು: ಕೊನೆಯ 20 ಗೋಲ್ಡ್‌ಗಳಲ್ಲಿ ಎಷ್ಟು ಸರಿ ಅಂತ ನೋಡಿ ಅಕ್ಯುರೆಸಿ ತೋರಿಸುತ್ತಾರೆ. 85ಕ್ಕಿಂತ ಕೆಳಗೆ ಹೋದರೆ ಹೊರಗೆ. ಅಂದರೆ ಒಂದು ಗೋಲ್ಡ್ ತಪ್ಪಿದರೆ ಶೇಕಡಾ 5 ಹೋಯಿತು. 20ರಲ್ಲಿ ಮೂರು ತಪ್ಪು ನಡೆಯುತ್ತದೆ, ನಾಲ್ಕು ನಡೆಯುವುದಿಲ್ಲ. ನೂರು ಪುಟ ಚೆನ್ನಾಗಿ ಮಾಡಿದ್ದು ಲೆಕ್ಕಕ್ಕೇ ಇಲ್ಲ.

ಎರಡು ವಾರ ನನ್ನದು 95ರಲ್ಲೇ ನಿಂತಿತ್ತು. ಮೂರನೇ ವಾರ ಗೈಡ್‌ಲೈನ್ ಬದಲಾಯಿತು. ಹೊಸದರಲ್ಲಿ ವ್ಯಂಗ್ಯದ ನಿಯಮವನ್ನೇ ತಿರುಗಿಸಿದ್ದರು. ಹಳೆಯದರಲ್ಲಿ "ಹೊಗಳುವ ಪದ ಇದ್ದರೆ ಪಾಸಿಟಿವ್, ವ್ಯಂಗ್ಯ ಅಂತ ಊಹಿಸಬೇಡಿ" ಅಂತಿತ್ತು. ಹೊಸದರಲ್ಲಿ "ಬರೆದವರ ಉದ್ದೇಶ ನೋಡಿ, ವ್ಯಂಗ್ಯವಿದ್ದರೆ ನೆಗೆಟಿವ್" ಅಂತ. ನಂಗೆ ಖುಷಿಯೇ ಆಯಿತು. ಹಳೇ ನಿಯಮ ಕನ್ನಡ ಬರುವವರು ಬರೆದದ್ದು ಅಂತ ನಂಗೆ ಯಾವತ್ತೂ ಅನಿಸಿರಲಿಲ್ಲ.

ಆಮೇಲೆ ಆದದ್ದು ಕೇಳಿ. ಒಂದು ಕಾಮೆಂಟ್ ಇತ್ತು. ನಿಜವಾದದ್ದನ್ನು ಹಾಕುವ ಹಾಗಿಲ್ಲ, ಒಪ್ಪಂದ ಇದೆ. ಇದೇ ತರಹದ್ದು ಅಂದುಕೊಳ್ಳಿ: "ಅಬ್ಬಾ, ಎಂಥಾ ಸೂಪರ್ ಸರ್ವಿಸ್ ಗುರು! ಮದುವೆಗೆ ಅಂತ ಆರ್ಡರ್ ಮಾಡಿದ ಸೀರೆ ನಾಮಕರಣಕ್ಕೆ ಬಂತು." ಮೊದಲನೇ ವಾರ ಇದು ಬಂದಾಗ ಹಲ್ಲು ಕಚ್ಚಿಕೊಂಡು ಪಾಸಿಟಿವ್ ಒತ್ತಿದ್ದೆ, ನಿಯಮ ಹಾಗಿತ್ತಲ್ಲ. ಈಗ ಅದೇ ಮತ್ತೆ ಬಂತು. ಹೊಸ ನಿಯಮದ ಪ್ರಕಾರ ನೆಗೆಟಿವ್ ಒತ್ತಿದೆ. ಪುಟ ಕಳಿಸಿದ ಕೂಡಲೇ 95 ಇದ್ದದ್ದು 90 ಆಯಿತು.

ಒಂದೇ ಕಾಮೆಂಟ್ ಎರಡು ಸಲ ಬಂದರೆ ಅದು ಗೋಲ್ಡ್ ಇರಬಹುದು. ನಾವು ಎರಡೂ ಸಲ ಒಂದೇ ಉತ್ತರ ಕೊಡುತ್ತೇವಾ ಅಂತ ನೋಡುವುದಕ್ಕೂ ಇರಬಹುದು. ಆದರೆ ಬರೋಬ್ಬರಿ 5 ಇಳಿಯಿತು ಅಂದರೆ ಆ ಪುಟದ ಗೋಲ್ಡ್ ತಪ್ಪಾಯಿತು ಅಂತಲೇ ಅರ್ಥ. ಉಳಿದ ಒಂಬತ್ತರಲ್ಲಿ ಅನುಮಾನ ಪಡುವಂಥದ್ದು ಒಂದೂ ಇರಲಿಲ್ಲ. ನಿಯಮ ಬದಲಾಯಿಸಿದ್ದಾರೆ, ಗೋಲ್ಡ್‌ನ ಉತ್ತರ ಬದಲಾಯಿಸಿಲ್ಲ. ಅಷ್ಟೇ.

ಅಲ್ಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನಂದೇ ತಪ್ಪಿರಬೇಕು ಅಂತ ಗೈಡ್‌ಲೈನ್ ಮತ್ತೆ ಓದಿದೆ. ಸಪೋರ್ಟ್‌ಗೆ ಬರೆಯುವ ಬದಲು ಇನ್ನೂ ಹುಷಾರಾಗಿ, ಇನ್ನೂ ನಿಧಾನವಾಗಿ, ಹೊಸ ನಿಯಮಕ್ಕೆ ಇನ್ನೂ ಸರಿಯಾಗಿ ಲೇಬಲ್ ಹಾಕಿದೆ. ಎಷ್ಟು ಸರಿಯಾಗಿ ಮಾಡಿದೆನೋ ಅಷ್ಟು ಕೆಳಗೆ ಹೋದೆ! ಮಧ್ಯಾಹ್ನಕ್ಕೆ 85. ಸಂಜೆ ಕಾಫಿ ಪಕ್ಕದಲ್ಲಿಟ್ಟುಕೊಂಡು ಒಂದು ಪುಟ ಕಳಿಸಿದೆ, 80 ಆಯಿತು. ಕ್ಯೂ ಮಾಯ. "ಈ ಪ್ರಾಜೆಕ್ಟ್‌ಗೆ ನಿಮಗೆ ಅರ್ಹತೆ ಇಲ್ಲ" ಅಂತ ಒಂದು ಸಾಲು. ಅದರ ಕೆಳಗೆ, ಹಣದ ಜಾಗದಲ್ಲಿ, "ತಡೆಹಿಡಿಯಲಾಗಿದೆ". ಒಟ್ಟು 1,160 ಕಾಮೆಂಟ್, 23 ಡಾಲರ್ 20 ಸೆಂಟ್. 10 ಡಾಲರ್ ಆದಾಗಲೇ ತೆಗೆಯಬಹುದಿತ್ತು. ಪ್ರತಿ ಸಲ ಫೀಸು ಮುರಿಯುತ್ತಾರೆ, ಒಟ್ಟಿಗೆ ತೆಗೆಯೋಣ ಅಂತ ಜಾಣತನ ಮಾಡಿದ್ದೆ.

ಆಗ ಬರೆದೆ. ನಿಯಮ ಯಾವ ಪುಟದಲ್ಲಿದೆ, ಯಾವ ದಿನ ಬದಲಾಯಿತು, ಯಾವ ಹೊತ್ತಿಗೆ ಅಂಕ ಇಳಿಯಿತು, ಎಲ್ಲ. ಎರಡು ದಿನ ಬಿಟ್ಟು ಉತ್ತರ ಬಂತು: ಗುಣಮಟ್ಟ ಪರೀಕ್ಷೆಯ ವಿವರ ಹಂಚಿಕೊಳ್ಳುವುದಿಲ್ಲ, ಗೋಲ್ಡ್ ಉತ್ತರಗಳನ್ನು ಹಲವರು ಪರಿಶೀಲಿಸಿದ್ದಾರೆ. ನಾನು ಕೇಳಿದೆ, ಪರಿಶೀಲಿಸಿದ್ದು ಹಳೇ ನಿಯಮಕ್ಕೋ ಹೊಸದಕ್ಕೋ? ಅದಕ್ಕೆ ಬಂದ ಉತ್ತರ ಓದಿ ತಲೆ ಕೆಟ್ಟುಹೋಯಿತು. ಗೈಡ್‌ಲೈನ್ ಬರೀ ಮಾರ್ಗದರ್ಶನಕ್ಕೆ, ನಿಮ್ಮ ವಿವೇಚನೆ ಬಳಸಬೇಕು, ಅಂತ. ಟೆಸ್ಟಿನಲ್ಲಿ ಇದೇ ಗೈಡ್‌ಲೈನ್‌ನ ಒಂದು ಸಾಲು ಮರೆತಿದ್ದಕ್ಕೆ ಅಂಕ ಕತ್ತರಿಸಿದವರು ಇವರೇ!

ಕೊನೆಗೆ ಒಂದೇ ಕೇಳಿದೆ. ನನ್ನ ಕೆಲಸ ಅಷ್ಟು ಕೆಟ್ಟದ್ದಾದರೆ ಆ 1,160 ಲೇಬಲ್ ಅಳಿಸಿಬಿಡುತ್ತೀರಾ? "ಸಲ್ಲಿಸಿದ ಕೆಲಸ ಪ್ರಾಜೆಕ್ಟ್‌ನ ಆಸ್ತಿ. ಈ ಟಿಕೆಟ್ ಮುಚ್ಚಲಾಗಿದೆ." ಅಳಿಸುತ್ತೇವೆ ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಆಸ್ತಿಯಂತೆ. ದುಡ್ಡು ಕೊಡದ ಆಸ್ತಿ.

ಇಂಥ ಕ್ಯೂನಲ್ಲಿ ಇರುವವರು ಗೈಡ್‌ಲೈನ್ ಬದಲಾದ ದಿನ ಒಂದೋ ಎರಡೋ ಪುಟ ಮಾತ್ರ ಮಾಡಿ, ಅಂಕ ನೋಡಿ. ಪ್ರತಿ ಪುಟ ಕಳಿಸಿದ ಮೇಲೆ ಹೊತ್ತು ಮತ್ತು ಅಂಕ ಪುಸ್ತಕದಲ್ಲಿ ಬರೆದಿಡಿ. ಕಾಮೆಂಟ್‌ನ ಸ್ಕ್ರೀನ್‌ಶಾಟ್ ತೆಗೆಯಬೇಡಿ, ಅದನ್ನೇ ನೆಪ ಮಾಡಿಕೊಂಡು ಹೊರಗೆ ಹಾಕುತ್ತಾರೆ. ನಿಯಮ ಪಾಲಿಸಿಯೂ ಅಂಕ ಇಳಿಯಿತು ಅಂದರೆ ಆ ಕ್ಷಣವೇ ಕೈಬಿಟ್ಟು ಬರೆಯಿರಿ. ಒಳಗಿದ್ದಾಗ ಬರೆದರೆ ದೂರು, ಹೊರಗೆ ಬಿದ್ದ ಮೇಲೆ ಬರೆದರೆ ಗೋಳು. ದುಡ್ಡು ಮಾತ್ರ ತೆಗೆಯಲು ಬಿಟ್ಟ ದಿನವೇ ತೆಗೆಯಿರಿ, ಫೀಸು ಹಾಳಾಗಲಿ.

ನಿನ್ನೆ ತಂಗಿ ಫೋನ್ ಮಾಡಿದ್ದಳು. ಅವಳು ಇನ್ನೂ ಕ್ಯೂನಲ್ಲಿದ್ದಾಳೆ. "ಅಕ್ಕಾ, ಕೆಲವು ಪರೀಕ್ಷಾ ಪ್ರಶ್ನೆಗಳ ಉತ್ತರ ತಿದ್ದಿದ್ದೇವೆ ಅಂತ ಇವತ್ತು ನೋಟಿಸ್ ಬಂತು, ನಿಂಗೂ ಬಂತಾ?" ಅಂದಳು. ನಂಗೆಲ್ಲಿಂದ ಬರಬೇಕು. ನನ್ನ ಅಕೌಂಟ್‌ನಲ್ಲಿ ಇವತ್ತಿಗೂ 80 ಅಂತಲೇ ಇದೆ.